ಡೇಟಾಬೇಸ್ ಎದ್ದ ಮೇಲೂ ಕೌಂಟರ್‌ಗಳು ಸೇರ್ತಾ ಇಲ್ಲ, ರೀಟ್ರೈ ಎಷ್ಟು ಸೆಕೆಂಡಿಗೆ ಇಡೋದು?

ಕೌಂಟರ್_ಕೋಡ್ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಅಡಿಕೆ ವಹಿವಾಟಿನ ಒಂದು ಸಂಸ್ಥೆಗೆ ಬಿಲ್ಲಿಂಗ್ ಪ್ರೋಗ್ರಾಂ ನೋಡ್ಕೊಳ್ತೀನಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಕೊಪ್ಪ ಎಲ್ಲಾ ಕಡೆ ಸೇರಿ 180 ತೂಕದ ಕೌಂಟರ್ ಇದಾವೆ, ಎಲ್ಲವೂ ಶಿವಮೊಗ್ಗದಲ್ಲಿರೋ ಒಂದೇ ಪೋಸ್ಟ್‌ಗ್ರೆಸ್ ಸರ್ವರ್‌ಗೆ ವಿಪಿಎನ್ ಮೂಲಕ ನೇರವಾಗಿ ಕನೆಕ್ಟ್ ಆಗ್ತಾವೆ. ಸರ್ವರ್‌ದು 4 ಕೋರ್.

ಮೊನ್ನೆ ಮಧ್ಯಾಹ್ನ ಎರಡೂ ಹತ್ತಕ್ಕೆ ಡೇಟಾಬೇಸ್ ಬಿತ್ತು. ಲಾಗ್ ನೋಡಿದ್ರೆ 40 ಸೆಕೆಂಡಲ್ಲೇ `database system is ready to accept connections` ಅಂತ ಬಂದಿದೆ, ಅಂದ್ರೆ ಅದು ಎದ್ದಿದೆ. ಆದ್ರೆ ಕೌಂಟರ್‌ಗಳು ಮಾತ್ರ ಸೇರ್ಲೇ ಇಲ್ಲ, ಕಾಲು ಗಂಟೆ ಆದ್ರೂ ಅಲ್ಲೊಂದು ಇಲ್ಲೊಂದು ಅಷ್ಟೇ. ಕೊಯ್ಲಿನ ಟೈಮು, ರಾಶಿ ಇಡಿ ತಂದ ರೈತರು ಸಾಲಲ್ಲಿ ನಿಂತಿದಾರೆ. ಕೊನೆಗೆ ಒಂದೊಂದು ಬ್ರಾಂಚಿಗೂ ಫೋನ್ ಮಾಡಿ ಪ್ರೋಗ್ರಾಂ ಮುಚ್ಚಿಸಿ, ಆಮೇಲೆ ತಾಲ್ಲೂಕಿನ ಪ್ರಕಾರ ಒಂದೊಂದಾಗಿ ತೆಗೆಸಿದ ಮೇಲೆ ಸರಿ ಆಯ್ತು.

ಈಗ ಕನೆಕ್ಷನ್ ಸಿಗ್ಲಿಲ್ಲ ಅಂದ್ರೆ 5 ಸೆಕೆಂಡ್ ಕಾದು ಮತ್ತೆ ಟ್ರೈ ಮಾಡತ್ತೆ, 10 ಸೆಕೆಂಡಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಟೈಮ್‌ಔಟ್. ಈ 5 ಅನ್ನೋದನ್ನ ಎಷ್ಟು ಮಾಡ್ಬೇಕು? 30 ಮಾಡಿದ್ರೆ ಸಾಕಾ?

ಮಳೆಬೆಳಕು (ಹೊಸನಗರ)

ಸರ್ವರ್ ರೂಮಿಗೆ ಆನ್‌ಲೈನ್ ಯುಪಿಎಸ್ ಹಾಕ್ಸಿ ಮೊದ್ಲು. ನಮ್ಮ ಕಡೆ ಗಾಳಿ ಬಂತು ಅಂದ್ರೆ ಲೈನ್ ಮೇಲೆ ಮರ ಬಿತ್ತು ಅಂತಾನೇ ಲೆಕ್ಕ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗತ್ತೆ. ಬ್ಯಾಟರಿ ಎರಡು ವರ್ಷದ ಮೇಲಾಗಿದ್ರೆ ಅದನ್ನೂ ಬದಲಾಯಿಸಿ. ಸರ್ವರ್ ಬೀಳದೇ ಇದ್ರೆ ರೀಟ್ರೈ ಪ್ರಶ್ನೇನೇ ಬರಲ್ಲ.

ಕೌಂಟರ್_ಕೋಡ್

ಯುಪಿಎಸ್ ಚೆನ್ನಾಗಿದೆ ಸರ್, ಕರೆಂಟಿನ ತೊಂದರೆ ಅಲ್ಲ. ಯಾರೋ ದೊಡ್ಡ ರಿಪೋರ್ಟ್ ತೆಗೀತಿದ್ರು, ಮೆಮೊರಿ ಮುಗಿದು ಲಿನಕ್ಸು ಆ ಪ್ರೋಸೆಸ್‌ನ ಕೊಂದು ಹಾಕಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪ್ರೋಸೆಸ್ ಹಂಗೆ ಸತ್ರೆ ಅದು ಎಲ್ಲಾ ಕನೆಕ್ಷನ್ನೂ ಕಿತ್ತು ರಿಕವರಿಗೆ ಹೋಗತ್ತೆ. ಆ ರಿಪೋರ್ಟಿಗೆ ಬೇರೆ ವ್ಯವಸ್ಥೆ ಮಾಡ್ತಿದೀವಿ. ಆದ್ರೆ ನಾಳೆ ಅಪ್‌ಡೇಟ್ ಹಾಕಿ ನಾವೇ ರೀಸ್ಟಾರ್ಟ್ ಮಾಡಿದ್ರೂ ಇದೇ ಗತಿ ಅಲ್ವಾ, ಅದಕ್ಕೇ ಕೇಳ್ತಿರೋದು.

ಭದ್ರಾ_ಬೈಟ್ (ಭದ್ರಾವತಿ)

ಫಿಕ್ಸೆಡ್ 5 ಸೆಕೆಂಡ್ ಇಟ್ರೆ ಹಂಗೇ ಆಗೋದು ಗುರು, ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್ ಹಾಕು. ಮೊದಲ ಸಲ 1 ಸೆಕೆಂಡ್, ಆಮೇಲೆ 2, 4, 8, 16, 32 ಹೀಗೆ ದುಪ್ಪಟ್ಟು ಮಾಡ್ತಾ ಹೋಗು, ಸರ್ವರ್ ಮೇಲಿನ ಒತ್ತಡ ತಾನಾಗೇ ಇಳಿಯತ್ತೆ. ಜೊತೆಗೆ `max_connections` ನೋಡು, ಡೀಫಾಲ್ಟ್ 100 ಇರತ್ತೆ. 180 ಕೌಂಟರ್ ಇಟ್ಕೊಂಡು 100 ಸಾಕಾಗಲ್ಲ, 500 ಮಾಡಿಬಿಡು. ಎರಡೂ ಸೇರಿ ಹತ್ತು ನಿಮಿಷದ ಕೆಲಸ.

ಕೌಂಟರ್_ಕೋಡ್

ಹೌದು, 100 ಇದೆ, ಮಾಮೂಲಿ ದಿನಗಳಲ್ಲಿ ಎಲ್ಲಾ ಕೌಂಟರ್ ಒಟ್ಟಿಗೆ ಓಪನ್ ಇರಲ್ಲ, ಕೆಲಸ ಮುಗಿದ ತಕ್ಷಣ ಕನೆಕ್ಷನ್ ಬಿಡ್ತಾವೆ, ಹಾಗಾಗಿ ಸಾಕಾಗ್ತಿತ್ತು. `sorry, too many clients already` ಅನ್ನೋದು ಅವತ್ತಿನ ಲಾಗಲ್ಲಿ ರಾಶಿ ಬಿದ್ದಿದೆ.

ಹಿನ್ನೀರು (ಸಾಗರ)

ಸ್ವಲ್ಪ ತಡೀರಿ, 500 ಮಾಡೋ ಮುಂಚೆ ಒಂದು ಲೆಕ್ಕ ಹಾಕೋಣ. ನಾನು ಡೇಟಾಬೇಸ್ ಕೆಲಸಾನೇ ಮಾಡೋದು, ಇದೇ ತರದ್ದು ಬೇರೆ ಬೇರೆ ಕಡೆ ಕಂಡಿದೀನಿ.

ಕೌಂಟರ್ ಪ್ರೋಗ್ರಾಂ ಕನೆಕ್ಟ್ ಆದ ತಕ್ಷಣ ಏನೇನು ಮಾಡತ್ತೆ? ಲಾಗಿನ್, ಆವತ್ತಿನ ದರಪಟ್ಟಿ, ಸದಸ್ಯರ ಬಾಕಿ ಪಟ್ಟಿ, ಇಷ್ಟು ತರಿಸ್ಕೊಳ್ಳತ್ತೆ ಅನ್ಕೊಳ್ತೀನಿ. ಅಷ್ಟಕ್ಕೆ ಸರ್ವರ್‌ನ ಒಂದು ಕೋರ್ ಎಷ್ಟು ಹೊತ್ತು ಕೆಲಸ ಮಾಡತ್ತೆ ಅಂತ ಅಳೆದಿದೀರಾ?

ಕೌಂಟರ್_ಕೋಡ್

ಅಳತೆ ಇದೆ ಮೇಡಂ. ಎಲ್ಲಾ ಸೇರಿ ಹತ್ರ ಹತ್ರ ಅರ್ಧ ಸೆಕೆಂಡ್. ಬಾಕಿ ಪಟ್ಟೀದೇ ಜಾಸ್ತಿ.

ಹಿನ್ನೀರು

ಸರಿ. ಒಬ್ಬರಿಗೆ ಅರ್ಧ ಸೆಕೆಂಡ್, 4 ಕೋರ್, ಅಂದ್ರೆ ನಿಮ್ಮ ಸರ್ವರ್ ಸೆಕೆಂಡಿಗೆ 8 ಕೌಂಟರ್‌ನ ಒಳಗೆ ಕರ್ಕೋಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ. ಈ 8 ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿರೋದು.

ಈಗ ಅವತ್ತು ಏನಾಯ್ತು ನೋಡಿ. ಡೇಟಾಬೇಸ್ ಬಿದ್ದಾಗ 180 ಕೌಂಟರಿಗೂ ಒಂದೇ ಸೆಕೆಂಡಲ್ಲಿ ಗೊತ್ತಾಯ್ತು ಅಂತ ಲೆಕ್ಕಕ್ಕೆ ಇಟ್ಕೊಳ್ಳೋಣ, ಆಗ ಎಲ್ಲರ ಗಡಿಯಾರನೂ ಒಂದೇ ಕ್ಷಣಕ್ಕೆ ಶುರುವಾಗತ್ತೆ. ಅಲ್ಲಿಂದ 5 ಸೆಕೆಂಡಿಗೊಂದು ಸಲ 180 ಜನವೂ ಒಟ್ಟಿಗೇ ಬಾಗಿಲು ತಟ್ತಾರೆ. ಸರ್ವರ್ ರಿಕವರಿಯಲ್ಲಿ ಇರೋವಾಗ ಇದರಿಂದ ತೊಂದರೆ ಇಲ್ಲ, ತಕ್ಷಣ ಇಲ್ಲ ಅಂತ ಕಳಿಸತ್ತೆ. ಬಾಗಿಲು ತೆಗೆದ ಮೇಲೆ ಮೊದಲ ಸುತ್ತಲ್ಲಿ 97 ಜನ ಒಳಗೆ ಬರ್ತಾರೆ (100ರಲ್ಲಿ 3 ಅಡ್ಮಿನ್‌ಗೆ ಮೀಸಲು), ಉಳಿದ 83 ಜನಕ್ಕೆ ನೀವು ಹೇಳಿದ ಆ too many clients.

ಒಳಗೆ ಬಂದ 97 ಜನದ ಕೆಲಸ ಒಟ್ಟು 48 ಸೆಕೆಂಡ್ ಚಿಲ್ಲರೆ, 4 ಕೋರಿಗೆ ಹಂಚಿದ್ರೆ 12 ಸೆಕೆಂಡ್. ಅವರು ಸಾಲಲ್ಲಿ ನಿಂತು ಒಬ್ಬರಾದ ಮೇಲೆ ಒಬ್ಬರು ಮುಗಿಸಿಕೊಂಡು ಹೋಗಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಪಿಯು ಸಿಗತ್ತೆ, ಹಾಗಾಗಿ ಎಲ್ಲರದ್ದೂ ಮುಗಿಯೋದು 11, 12ನೇ ಸೆಕೆಂಡಿನ ಹತ್ರಾನೇ. ನಿಮ್ಮ ಟೈಮ್‌ಔಟ್ 10. ಹಾಗಾಗಿ ಅಲ್ಲೊಬ್ಬರು ಇಲ್ಲೊಬ್ಬರು ದಾಟಿಕೊಂಡ್ರೂ ಹೆಚ್ಚುಕಮ್ಮಿ ಎಲ್ಲರೂ ಹತ್ತನೇ ಸೆಕೆಂಡಿಗೆ ಕೈ ಬಿಟ್ಟು ಹೋಗ್ತಾರೆ. ಆದ್ರೆ ಕೌಂಟರ್ ಕೈಬಿಟ್ಟದ್ದು ಪೋಸ್ಟ್‌ಗ್ರೆಸ್‌ಗೆ ತಿಳಿಯಲ್ಲ, ಕ್ವೆರಿ ಮುಗಿಸಿ ಉತ್ತರ ಕಳಿಸೋಕೆ ಹೋದಾಗಲೇ ಆ ಕಡೆ ಯಾರೂ ಇಲ್ಲ ಅಂತ ಗೊತ್ತಾಗೋದು. ಅಲ್ಲೀವರೆಗೂ ಯಾರಿಗೂ ಬೇಡದ ಕೆಲಸ ಮಾಡ್ತಾ ಇರತ್ತೆ, ಜಾಗವನ್ನೂ ಹಿಡ್ಕೊಂಡಿರತ್ತೆ.

ಟೈಮ್‌ಔಟ್ ಆದವರು 5 ಸೆಕೆಂಡ್ ಕಾದು 15ನೇ ಸೆಕೆಂಡಿಗೆ ಬರ್ತಾರೆ. ಹೊರಗೆ ಉಳಿದ 83 ಜನ 5, 10, 15ಕ್ಕೆ ಬರ್ತಾ ಇದ್ರು. 15ಕ್ಕೆ ಮತ್ತೆ ಎಲ್ಲರೂ ಒಟ್ಟಿಗೆ. ಹೀಗೇ 15 ಸೆಕೆಂಡಿಗೊಂದು ಸಲ ಅದೇ ಕಥೆ, ಅಲ್ಲೊಬ್ಬರು ಇಲ್ಲೊಬ್ಬರು ಪಾರಾಗ್ತಾರೆ ಅಷ್ಟೇ. ನೀವು ತಾಲ್ಲೂಕಿನ ಪ್ರಕಾರ ತೆಗೆಸಿದ್ರಲ್ಲ, ಅದರಿಂದ ಆಗಿದ್ದು ಈ ಒಟ್ಟಿಗೆ ಬರೋದು ಮುರಿದದ್ದು.

ಈಗ 500ರ ವಿಷಯ. 500 ಮಾಡಿದ್ರೆ 180 ಜನವೂ ಒಳಗೆ ಬರ್ತಾರೆ, 90 ಸೆಕೆಂಡಿನ ಕೆಲಸ 4 ಕೋರಿಗೆ 22 ಸೆಕೆಂಡ್ ಮೇಲೆ. 10 ಸೆಕೆಂಡೊಳಗೆ ಒಬ್ಬರದ್ದೂ ಮುಗಿಯಲ್ಲ. ಈಗ ಅಲ್ಲೊಬ್ಬರು ಇಲ್ಲೊಬ್ಬರು ಪಾರಾಗ್ತಿರೋದೂ ನಿಲ್ಲತ್ತೆ.

ಭದ್ರಾ_ಬೈಟ್

500 ಬೇಡ, ಒಪ್ಪಿದೆ. ಆದ್ರೆ ಬ್ಯಾಕ್‌ಆಫ್ ಹಾಕಿದ್ರೆ ಈ 15 ಸೆಕೆಂಡಿನ ಸುತ್ತು ತಪ್ಪತ್ತಲ್ಲ ಮೇಡಂ? ದುಪ್ಪಟ್ಟಾಗ್ತಾ ಹೋದ್ರೆ ಬರೋರೇ ಕಮ್ಮಿ ಆಗ್ತಾರೆ.

ಹಿನ್ನೀರು

ಬರೋ ಸಲ ಕಮ್ಮಿ ಆಗತ್ತೆ, ಒಂದು ಸಲಕ್ಕೆ ಬರೋ ಜನ ಕಮ್ಮಿ ಆಗಲ್ಲ. ಲೆಕ್ಕ ಹಾಕಿ ನೋಡಿ. 14:10:10ಕ್ಕೆ ಬಿತ್ತು ಅಂದ್ರೆ 1, 2, 4, 8, 16, 32 ಕಾದವರು ಬರೋದು ಬಿದ್ದ ಮೇಲೆ 1, 3, 7, 15, 31, 63ನೇ ಸೆಕೆಂಡಿಗೆ. ಸರ್ವರ್ ಎದ್ದಿದ್ದು 40ಕ್ಕೆ. 40ರಿಂದ 63ರ ತನಕ 23 ಸೆಕೆಂಡ್ ಸರ್ವರ್ ಖಾಲಿ ಕೂತಿರತ್ತೆ, ಒಬ್ಬರೂ ಬರಲ್ಲ. 14:11:13ಕ್ಕೆ 180 ಜನ ಒಟ್ಟಿಗೆ ಬರ್ತಾರೆ. ಆ ಖಾಲಿ 23 ಸೆಕೆಂಡಲ್ಲಿ ಸೆಕೆಂಡಿಗೆ 8ರಂತೆ 180 ಜನವನ್ನೂ ಒಳಗೆ ಕರ್ಕೊಂಡು ಮುಗಿಸಬಹುದಿತ್ತು.

ಆಗುಂಬೆ ಘಾಟಿಯಲ್ಲಿ ಮರ ಬಿದ್ದು ಗಾಡಿ ನಿಂತಾಗ ಮರ ತೆಗೆದ ಮೇಲೂ ಗಂಟೆಗಟ್ಟಲೆ ಜಾಮ್ ಇರತ್ತಲ್ಲ, ಆಗ ರಸ್ತೆ ತೆರೆದೇ ಇರತ್ತೆ, ಎಲ್ಲರೂ ಒಂದೇ ಕ್ಷಣಕ್ಕೆ ಆ ತಿರುವಿಗೆ ನುಗ್ಗೋದೇ ತೊಂದರೆ.

ಅದಕ್ಕೆ ಬೇಕಾಗಿರೋದು ಜಿಟರ್. ಕಾಯೋ ಹೊತ್ತನ್ನ ಯಾದೃಚ್ಛಿಕ ಮಾಡೋದು, ರ‍್ಯಾಂಡಮ್. 32 ಸೆಕೆಂಡ್ ಕಾಯೋ ಬದಲು 0ಯಿಂದ 32ರ ಒಳಗೆ ಯಾವುದೋ ಒಂದು. ಮುಂದಿನ ಸಲ 0ಯಿಂದ 64ರ ಒಳಗೆ ಯಾವುದೋ ಒಂದು. ದುಪ್ಪಟ್ಟಾಗೋದು ಈ ಮಿತಿ ಮಾತ್ರ. ಅಮೆಜಾನ್‌ನ ಮಾರ್ಕ್ ಬ್ರೂಕರ್ 2015ರಲ್ಲಿ ಇದನ್ನ ಸಿಮ್ಯುಲೇಟ್ ಮಾಡಿ ಬರೆದಿದ್ರು, ಈ ಪೂರ್ತಿ ಹರಡೋ ವಿಧಾನಕ್ಕೆ ಫುಲ್ ಜಿಟರ್ ಅಂತಾರೆ. ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್ ಈಥರ್ನೆಟ್ ಕಾಲದಿಂದಲೂ ಇರೋದು, ಅಲ್ಲೂ ಇಬ್ಬರು ಒಂದೇ ಸಲ ತಂತಿ ಮೇಲೆ ಮಾತಾಡಿ ಡಿಕ್ಕಿ ಆದ್ರೆ ದುಪ್ಪಟ್ಟಾಗೋ ಮಿತಿಯೊಳಗೆ ರ‍್ಯಾಂಡಮ್ಮಾಗಿ ಒಂದು ಹೊತ್ತು ಆರಿಸಿಕೊಳ್ತಾರೆ. ರ‍್ಯಾಂಡಮ್ ಅನ್ನೋದು ಶುರುವಿಂದಲೇ ಅದರ ಭಾಗ, ನಾವು ಅಪ್ಲಿಕೇಶನ್ ಬರೆಯೋರು ದುಪ್ಪಟ್ಟು ಮಾತ್ರ ತಗೊಂಡು ಅದನ್ನ ಬಿಟ್ಟುಬಿಡ್ತೀವಿ.

ಭದ್ರಾ_ಬೈಟ್

ಜಿಟರ್ ಗೊತ್ತು, ನಾನು ಬಳಸೋ ಲೈಬ್ರರಿಯಲ್ಲಿ ಶೇಕಡಾ 10 ಹಿಂದೆ ಮುಂದೆ ಮಾಡೋ ಆಯ್ಕೆ ಇದೆ. ಅಷ್ಟು ಸಾಕಲ್ವಾ? 0ಯಿಂದ ಶುರು ಅಂದ್ರೆ ಯಾರೋ ಒಬ್ಬ ಕಾಯ್ದೇನೇ ತಕ್ಷಣ ಬಂದುಬಿಡ್ತಾನಲ್ಲ, ಅದು ಬ್ಯಾಕ್‌ಆಫ್ ಹೆಂಗಾಯ್ತು.

ಹಿನ್ನೀರು

ಒಬ್ಬ ಬಂದ್ರೆ ಬರ್ಲಿ, 180 ಜನದಲ್ಲಿ ಒಬ್ಬಿಬ್ಬರು ಬೇಗ ಬಂದ್ರೆ ಸರ್ವರ್‌ಗೆ ಭಾರ ಅಲ್ಲ. ಶೇಕಡಾ 10 ಅಂದ್ರೆ 32ರ ಆಚೀಚೆ ಮೂರು ಸೆಕೆಂಡ್, 29ರಿಂದ 35ರ ಒಳಗೆ ಎಲ್ಲರೂ. ಆರು ಸೆಕೆಂಡಲ್ಲಿ 180 ಅಂದ್ರೆ ಸೆಕೆಂಡಿಗೆ ಸುಮಾರು 28, 30. ನಮ್ಮ ಮಿತಿ 8.

ಭದ್ರಾ_ಬೈಟ್

ಹಂಗಾದ್ರೆ ಫುಲ್ ಜಿಟರಲ್ಲಿ 180 ಭಾಗಿಸು 32, ಸೆಕೆಂಡಿಗೆ 6ರ ಒಳಗೇ ಬಂತು, 8ರ ಒಳಗಿದೆ. ಮೇಲ್ಮಿತಿ 32 ಇಟ್ರೆ ಆಯ್ತು.

ಹಿನ್ನೀರು

ಇಲ್ಲಿ ಒಂದು ಸೂಕ್ಷ್ಮ ಇದೆ. 0ಯಿಂದ 32ರ ಒಳಗೆ ಆರಿಸಿದ್ರೆ ಒಬ್ಬೊಬ್ಬರು ಸರಾಸರಿ ಕಾಯೋದು 16. ಸರ್ವರ್ ಬಿದ್ದಿದ್ದಷ್ಟು ಹೊತ್ತೂ ಪ್ರತಿಯೊಬ್ಬರೂ ಸರಾಸರಿ 16 ಸೆಕೆಂಡಿಗೊಂದು ಸಲ ಬಾಗಿಲು ತಟ್ತಿರ್ತಾರೆ, ಹಾಗಾಗಿ ಅದು ಏಳೋ ಕ್ಷಣಕ್ಕೆ ಬರ್ತಿರೋ ವೇಗ 180 ಭಾಗಿಸು 16, ಅಂದ್ರೆ ಸೆಕೆಂಡಿಗೆ 11. 8ಕ್ಕಿಂತ ಜಾಸ್ತಿ. ಸೇರಿದವರು ಸುಮ್ಮನಾಗ್ತಾ ಹೋದ ಹಾಗೆ ವೇಗ ಇಳಿಯತ್ತೆ ನಿಜ, ಒದ್ದಾಡಿಕೊಂಡು ಸರಿ ಆಗಲೂಬಹುದು, ಆದ್ರೆ ಅದನ್ನೇ ನಂಬ್ಕೊಂಡು ಕೂರೋದು ಬೇಡ. ಮೇಲ್ಮಿತಿ 60 ಇಡಿ. ಸರಾಸರಿ 30, ಏಳೋ ಕ್ಷಣಕ್ಕೆ ಸೆಕೆಂಡಿಗೆ 6. ಕೋರ್‌ಗಳು ಸ್ವಲ್ಪ ಉಸಿರಾಡ್ತಾವೆ, ಮತ್ತೆ ಸರ್ವರ್ ಎದ್ದು ಒಂದು ನಿಮಿಷದೊಳಗೆ ಎಲ್ಲರೂ ಸೇರಿರ್ತಾರೆ.

ಕೌಂಟರ್_ಕೋಡ್ ಅವರೇ, ನೀವು ಬರೆದದ್ದು ಗೋ ಭಾಷೆಯಲ್ಲಾ? ಆಗಿದ್ರೆ ಇಷ್ಟೇ:

```go
// n: 0, 1, 2 ...
func wait(n int) time.Duration {
	w := 60 * time.Second
	if n < 6 {
		w = time.Second << n
	}
	return time.Duration(rand.Int63n(int64(w)))
}
```

ಇನ್ನೊಂದು, `n` ಅನ್ನ ಮತ್ತೆ 0 ಮಾಡೋದು ಯಾವಾಗ ಅಂತ ನೋಡ್ಕೊಳ್ಳಿ. ಕನೆಕ್ಷನ್ ಸಿಕ್ಕ ತಕ್ಷಣ 0 ಮಾಡಬೇಡಿ. ಬಾಕಿ ಪಟ್ಟಿ ಕೈಗೆ ಬಂದ ಮೇಲೆ ಮಾಡಿ. ಇಲ್ಲಾಂದ್ರೆ ಕನೆಕ್ಟ್ ಆಗಿ, ಕ್ವೆರಿಯಲ್ಲಿ ಟೈಮ್‌ಔಟ್ ಆದವರು ಮತ್ತೆ 1 ಸೆಕೆಂಡಿನಿಂದ ಶುರು ಮಾಡ್ತಾರೆ, ಸರ್ವರ್ ಹೆಚ್ಚು ಬಳಲಿದಾಗಲೇ ಹೆಚ್ಚು ಜನ ತಟ್ಟೋ ಹಾಗಾಗತ್ತೆ.

ಮಳೆಬೆಳಕು

ಇಷ್ಟೆಲ್ಲಾ ಯಾಕೆ, ಮಧ್ಯೆ ಒಂದು ಪಿಜಿಬೌನ್ಸರ್ ಕೂರಿಸಿದ್ರೆ ಅದೇ ಸಾಲಲ್ಲಿ ನಿಲ್ಲಿಸತ್ತಲ್ಲ? ನಮ್ಮ ಆಫೀಸಲ್ಲಿ ಹಾಗೇ ಇದೆ.

ಹಿನ್ನೀರು

ಕೂರಿಸೋದು ಒಳ್ಳೇದೇ, ಡೇಟಾಬೇಸ್ ಕಡೆ ಹತ್ತೇ ಕನೆಕ್ಷನ್ ಬಿಟ್ರೆ 97 ಜನ ಒಟ್ಟಿಗೆ ಕೋರ್ ಹಂಚಿಕೊಳ್ಳೋದು ತಪ್ಪತ್ತೆ, ಮೊದಲು ಬಂದವರು ಮೊದಲು ಮುಗಿಸ್ತಾರೆ. ಆದ್ರೆ 180 ಜನ ಒಟ್ಟಿಗೆ ಬಂದ್ರೆ ಸಾಲಿನ ಉದ್ದ 22 ಸೆಕೆಂಡೇ, ಟೈಮ್‌ಔಟ್ 10. ಮೊದಲ 80 ಜನ ಪಾರು, ಉಳಿದವರು ವಾಪಸ್. ಎರಡು ಮೂರು ಸುತ್ತಲ್ಲಿ ಸರಿ ಹೋಗತ್ತೆ, ಈಗಿನ ಹಾಗೆ ಸಿಕ್ಕಿಹಾಕಿಕೊಳ್ಳಲ್ಲ. ಎರಡೂ ಮಾಡಿ ಅಂತೀನಿ ನಾನು, ಒಂದಿದ್ರೆ ಇನ್ನೊಂದು ಬೇಡ ಅಂತಲ್ಲ.

ಕೌಂಟರ್_ಕೋಡ್

ಮೇಡಂ, ಜಿಟರ್ ಹಾಕಿ ಟೆಸ್ಟ್ ಸರ್ವರ್ ಮೇಲೆ ಓಡಿಸಿದೆ. ಒಂದೇ ಮೆಷಿನ್ನಲ್ಲಿ ಕೌಂಟರ್ ಪ್ರೋಗ್ರಾಮಿನ 180 ಪ್ರತಿ ಓಪನ್ ಮಾಡಿ, ಪೋಸ್ಟ್‌ಗ್ರೆಸ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. `log_connections` ಆನ್ ಇಟ್ಟು ಸೆಕೆಂಡಿಗೆ ಎಷ್ಟು ಜನ ಬಂದ್ರು ಅಂತ ಎಣಿಸಿದೆ:

```
grep 'connection received' postgresql.log | cut -c12-19 | uniq -c

    180 16:42:07
    177 16:42:08
      3 16:42:09
    180 16:42:11
    179 16:42:18
      1 16:42:19
```

ಹೊತ್ತು ಬದಲಾಗಿದೆ, 1, 3, 7 ಅಂತ ಬರ್ತಿಲ್ಲ, ಅಂದ್ರೆ ರ‍್ಯಾಂಡಮ್ ಕೆಲಸ ಮಾಡ್ತಿದೆ. ಆದ್ರೂ ಎಲ್ಲರೂ ಒಟ್ಟಿಗೇ ಬರ್ತಿದಾರೆ. ಎಂತ ಆಗಿರಬಹುದು?

ಹೊಸಬ_ಕೊಪ್ಪ

ನಾನು ಇನ್ನೂ ಕಲೀತಿರೋದು, ಆದ್ರೂ ಹೇಳ್ತೀನಿ. ಎಲ್ಲಾ ಪ್ರತಿಗೂ ಒಂದೇ ರ‍್ಯಾಂಡಮ್ ನಂಬರ್ ಬರ್ತಿದೆ ಅನ್ಸತ್ತೆ. ಕಾಲೇಜಲ್ಲಿ ಸಿ ಮಾಡೋವಾಗ `srand` ಕರೆಯದೇ ಇದ್ರೆ ಪ್ರತಿ ಸಲ ಪ್ರೋಗ್ರಾಂ ಓಡಿಸಿದಾಗಲೂ ಅದೇ ನಂಬರುಗಳೇ ಬರ್ತಿದ್ವು. ಗೋ ದಲ್ಲೂ ಹಂಗೆ ಇದೆಯಾ?

ಹಿನ್ನೀರು

ಹೊಸಬ ಹೇಳಿದ್ದು ಸರಿಯಾಗಿದೆ, ಒಳ್ಳೇ ಕಣ್ಣು ನಿಮ್ದು. ಗೋ ಯಾವ ಆವೃತ್ತಿ?

ಕೌಂಟರ್_ಕೋಡ್

1.16. ಕೌಂಟರ್‌ಗಳಲ್ಲಿ ಸುಮಾರು ವಿಂಡೋಸ್ 7 ಮೆಷಿನ್ ಇದಾವೆ, ಅದಕ್ಕೇ ಹಳೇದರಲ್ಲೇ ನಿಂತಿದೀವಿ.

ಹಿನ್ನೀರು

ಅದೇ ಕಾರಣ. 1.20ಕ್ಕಿಂತ ಮುಂಚಿನ ಗೋ ದಲ್ಲಿ ನೀವಾಗಿ ಸೀಡ್ ಕೊಡದೇ ಇದ್ರೆ `math/rand` ಯಾವಾಗಲೂ ಸೀಡ್ 1ರಿಂದಲೇ ಶುರು ಆಗೋದು. ಹಾಗಾಗಿ ತೀರ್ಥಹಳ್ಳಿ ಕೌಂಟರಿಗೂ ಸೊರಬದ ಕೌಂಟರಿಗೂ ಅದೇ ನಂಬರುಗಳು ಅದೇ ಕ್ರಮದಲ್ಲಿ. 1.20 ಆದ್ರೆ ತಾನಾಗೇ ಬೇರೆ ಬೇರೆ ಸೀಡ್ ತಗೊಳ್ಳತ್ತೆ, ಮತ್ತೆ ವಿಂಡೋಸ್ 7ರಲ್ಲಿ ಓಡೋ ಕೊನೇ ಆವೃತ್ತಿಯೂ ಅದೇ, 1.21ರಿಂದ ವಿಂಡೋಸ್ 10 ಬೇಕು. ನಿಮಗೆ 1.20 ಸರಿಯಾಗಿ ಕೂರತ್ತೆ.

ಅಲ್ಲೀವರೆಗೆ 1.16ರಲ್ಲೇ ಮಾಡೋದಾದ್ರೆ `main` ಶುರುವಲ್ಲಿ ಒಂದು ಸಾಲು:

```go
rand.Seed(time.Now().UnixNano())
```

`Unix()` ಹಾಕ್ಬೇಡಿ, ಅದು ಬರೀ ಸೆಕೆಂಡ್ ಕೊಡೋದು. ಬೆಳಿಗ್ಗೆ ಊರಿಗೆ ಕರೆಂಟ್ ಬಂದಾಗ ಅಲ್ಲಿನ ಕೌಂಟರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಸೆಕೆಂಡಲ್ಲಿ ಶುರು ಆಗಬಹುದು, ಆಗ ಸೀಡೂ ಒಂದೇ ಆಗತ್ತೆ.

ಹಾಲಿನ_ಲೆಕ್ಕ (ಸೊರಬ)

ಮಧ್ಯೆ ನಂದೊಂದು ಪ್ರಶ್ನೆ, ವಿಷಯ ಅದೇ ಅನ್ಕೊಂಡು ಇಲ್ಲೇ ಕೇಳ್ತಿದೀನಿ. ನಮ್ಮಲ್ಲಿ ಹಾಲು ಸಂಗ್ರಹಣೆ ಎಂಟ್ರಿಗೆ ರೀಟ್ರೈ ಹಾಕಿದ ಮೇಲೆ ಕೆಲವು ದಿನ ಒಬ್ಬರ ಹಾಲು ಎರಡು ಸಲ ಬರೆದುಬಿಡ್ತಿದೆ. ಬೆಳಗಿನ ಹೊತ್ತು 6 ಲೀಟರ್ ಹಾಕಿದವರಿಗೆ 12 ತೋರಿಸತ್ತೆ. ನೆಟ್‌ವರ್ಕ್ ಸರಿ ಇರೋ ದಿನ ಆಗಲ್ಲ, ಮಳೆ ಬಂದು ಟವರ್ ಹೋಗಿ ಬರೋ ದಿನಾನೇ ಆಗತ್ತೆ. ಇದಕ್ಕೂ ಜಿಟರ್ ಹಾಕಿದ್ರೆ ಸರಿ ಹೋಗತ್ತಾ?

ಹಿನ್ನೀರು

ಇಲ್ಲ ಸರ್, ಇದು ಬೇರೆ. ನಿಮ್ಮ ಎಂಟ್ರಿ ಸರ್ವರ್‌ಗೆ ತಲುಪಿದೆ, ಅದು `COMMIT` ಕೂಡ ಮಾಡಿದೆ, ಆಯ್ತು ಅನ್ನೋ ಉತ್ತರ ವಾಪಸ್ ಬರೋವಾಗ ಟವರ್ ಹೋಗಿದೆ. ನಿಮ್ಮ ಪ್ರೋಗ್ರಾಮಿಗೆ ಕಾಣೋದು ಕನೆಕ್ಷನ್ ಮುರೀತು ಅಂತ ಮಾತ್ರ. ಬರೆಯೋ ಮುಂಚೆ ಮುರೀತಾ ಬರೆದ ಮೇಲೆ ಮುರೀತಾ ಅಂತ ಆ ಕಡೆಯಿಂದ ತಿಳಿಯೋಕೆ ದಾರಿನೇ ಇಲ್ಲ. ಅದು ಪಾಪ ಮತ್ತೆ ಕಳಿಸತ್ತೆ, ಎರಡು ಸಾಲು ಆಗತ್ತೆ.

ಭದ್ರಾ_ಬೈಟ್

ಸದಸ್ಯರ ನಂಬರ್, ತಾರೀಕು, ಬೆಳಿಗ್ಗೆ/ಸಂಜೆ ಈ ಮೂರಕ್ಕೂ ಸೇರಿಸಿ ಯುನಿಕ್ ಹಾಕಿಬಿಡಿ, ಎರಡನೇದು ತಾನಾಗೇ ಬೀಳತ್ತೆ.

ಹಾಲಿನ_ಲೆಕ್ಕ

ಹಂಗೆ ಮಾಡೋಕಾಗಲ್ಲ ಸರ್, ಎಮ್ಮೆ ಹಾಲು ಹಸು ಹಾಲು ಬೇರೆ ಬೇರೆ ಹಾಕೋರು ಇದಾರೆ. ಒಂದೇ ಹಸುವಿನ ಹಾಲನ್ನೂ ಎರಡು ಕ್ಯಾನಲ್ಲಿ ತಂದು ಎರಡು ಸಲ ಅಳೆಸೋರೂ ಇದಾರೆ, ಅದೆಲ್ಲ ನಿಜವಾದ ಎಂಟ್ರಿಗಳೇ.

ಹಿನ್ನೀರು

ಹೌದು, ಹಾಲಿನ ವಿವರದಿಂದ ಗುರುತಿಸೋಕೆ ಹೋದ್ರೆ ನಿಜವಾದ್ದೂ ಹೋಗತ್ತೆ. ಪ್ರತಿ ಅಳತೆಗೂ ನಿಮ್ಮ ಕಡೆಯೇ ಒಂದು ಯುಯುಐಡಿ ಹುಟ್ಟಿಸಿ, ಮೊದಲ ಸಲ ಕಳಿಸೋ ಮುಂಚೆಯೇ. ರೀಟ್ರೈ ಎಷ್ಟು ಸಲ ಮಾಡಿದ್ರೂ ಅದೇ ಯುಯುಐಡಿ ಹೋಗ್ಬೇಕು. ರೀಟ್ರೈ ಲೂಪಿನ ಒಳಗೆ ಅದನ್ನ ಹುಟ್ಟಿಸಿದ್ರೆ ಪ್ರತಿ ಸಲ ಹೊಸದಾಗತ್ತೆ, ಏನೂ ಉಪಯೋಗ ಇಲ್ಲ. ಡೇಟಾಬೇಸಲ್ಲಿ ಆ ಕಾಲಮಿಗೆ ಯುನಿಕ್ ಹಾಕಿ:

```sql
INSERT INTO collection (uid, member_id, litres)
VALUES ($1, $2, $3)
ON CONFLICT (uid) DO NOTHING
RETURNING slip_no;
```

ಒಂದು ವಿಷಯ, ಆ ಸಾಲು ಮೊದಲೇ ಇದ್ರೆ ಈ `RETURNING` ಏನನ್ನೂ ಕೊಡಲ್ಲ, ಖಾಲಿ ಬರತ್ತೆ. ಖಾಲಿ ಬಂತು ಅಂದ್ರೆ ಎರರ್ ಅಂದ್ಕೊಂಡು ಮತ್ತೆ ರೀಟ್ರೈ ಮಾಡೋ ಕೋಡ್ ನೋಡಿದೀನಿ, ಅದು ಮುಗಿಯೋದೇ ಇಲ್ಲ. ಖಾಲಿ ಬಂದ್ರೆ ಅದೇ ಯುಯುಐಡಿ ಇಟ್ಕೊಂಡು ಒಂದು `SELECT` ಮಾಡಿ ಚೀಟಿ ನಂಬರ್ ತಗೊಳ್ಳಿ.

ಅಡಿಕೆ ಬಿಲ್ಲಿಗೂ ಇದೇ ಬೇಕು ಕೌಂಟರ್_ಕೋಡ್ ಅವರೇ, ನಿಮ್ಮಲ್ಲಿ ಬಿಲ್ ನಂಬರ್ ಸರ್ವರ್ ಕೊಡೋದಾ? ಹಾಗಿದ್ರೆ ಅವತ್ತು ಎರಡೂ ಹತ್ತರ ಬಿಲ್ಲುಗಳನ್ನ ಒಂದು ಸಲ ಕೂತು ನೋಡಿ.

ಕೌಂಟರ್_ಕೋಡ್

ಸರ್ವರೇ ಕೊಡೋದು. ಈಗ ಅವತ್ತಿನ ಬಿಲ್ಲು ತೆಗೆದು ನೋಡ್ತಿದೀನಿ, ಒಂದೇ ಕೌಂಟರಿಂದ ಒಂದೇ ಸದಸ್ಯರಿಗೆ ಅದೇ ತೂಕ ಅದೇ ದರದ್ದು ಜೋಡಿ ಇದಾವಾ ಅಂತ. ಅಕೌಂಟ್ಸ್‌ನವರಿಗೂ ಹೇಳಿದೀನಿ.

ಸೀಡ್ ಹಾಕಿ ಮತ್ತೆ ಟೆಸ್ಟ್ ಮಾಡಿದೆ, ಮೇಲ್ಮಿತಿ 60. ಪೋಸ್ಟ್‌ಗ್ರೆಸ್‌ನ ಮೂರು ನಿಮಿಷ ಬಿಟ್ಟು ಎಬ್ಬಿಸಿದೆ:

```
      7 17:30:51
      5 17:30:52
      8 17:30:53
      4 17:30:54
      6 17:30:55
      6 17:30:56
```

ಹೀಗೇ ಇಳೀತಾ ಹೋಗಿ 17:31:48ಕ್ಕೆ ಕೊನೇ ಕೌಂಟರ್ ಸೇರ್ತು. ಒಂದೂ ಟೈಮ್‌ಔಟ್ ಇಲ್ಲ, ಸಿಪಿಯು ಶೇಕಡಾ 80ರ ಹತ್ರ ಇತ್ತು.

ಈಗ ಆಫೀಸಿಂದ ಒಂದು ಬೇಡಿಕೆ ಬಂದಿದೆ. ಕೌಂಟರಲ್ಲಿ ಕೂತವರು ರೈತರ ಮುಂದೆ ಒಂದು ನಿಮಿಷ ಸುಮ್ಮನೆ ಕೂರೋಕಾಗಲ್ಲ, ‘ಈಗಲೇ ಪ್ರಯತ್ನಿಸಿ’ ಅಂತ ಒಂದು ಬಟನ್ ಕೊಡಿ ಅಂತಿದಾರೆ.

ಭದ್ರಾ_ಬೈಟ್

ಕೊಡು, ಅವರಿಗೂ ಸಮಾಧಾನ. ಒತ್ತೋರು ಎಲ್ಲರೂ ಒಂದೇ ಸೆಕೆಂಡಿಗೆ ಒತ್ತಲ್ಲ, ಮನುಷ್ಯರೇ ಒಂದು ಜಿಟರ್.

ಹಿನ್ನೀರು

ನಾನು ಕೊಡಲ್ಲ. ಒಬ್ಬರು ಒಂದು ಸಲ ಒತ್ತಿ ಕೂತ್ಕೊಂಡ್ರೆ ನೀವು ಹೇಳಿದ್ದು ಸರಿ. ಆದ್ರೆ ಎದುರಿಗೆ ಜನ ನಿಂತಿದ್ರೆ ಕೈ ಸುಮ್ಮನಿರಲ್ಲ, ಎರಡು ಸೆಕೆಂಡಿಗೊಂದು ಸಲ ಒತ್ತಾರೆ. 180 ಜನ ಎರಡು ಸೆಕೆಂಡಿಗೊಂದು ಸಲ ಅಂದ್ರೆ ಸೆಕೆಂಡಿಗೆ 90. ಮತ್ತೆ ಮೊದಲಿನ ಜಾಗಕ್ಕೇ ಬಂದ್ವಿ. ಅದರ ಬದಲು ತೂಕವನ್ನ ಕೌಂಟರ್ ಮೆಷಿನ್ನಲ್ಲೇ ಬರೆದಿಟ್ಕೊಂಡು ರೈತರಿಗೆ ತಾತ್ಕಾಲಿಕ ಚೀಟಿ ಕೊಟ್ಟು ಕಳಿಸೋ ಹಾಗೆ ಮಾಡಿ, ಯುಯುಐಡಿ ಹೇಗೂ ಇರತ್ತೆ, ಸರ್ವರ್ ಸಿಕ್ಕಾಗ ಹೋಗತ್ತೆ.

ಕೌಂಟರ್_ಕೋಡ್

ಅದನ್ನ ಕೇಳಿದೆ ಮೇಡಂ, ತಾತ್ಕಾಲಿಕ ಚೀಟಿ ಒಪ್ಪಲ್ಲ ಅಂದ್ರು. ಸದಸ್ಯರ ಬಾಕಿ ನೋಡದೇ ಹಣದ ಮೊತ್ತ ಹೇಳೋ ಹಾಗಿಲ್ಲ, ಬಾಕಿ ಇರೋದು ಸರ್ವರಲ್ಲಿ.

ಹೊಸಬ_ಕೊಪ್ಪ

ಬಟನ್ ಒಂದು ಸಲ ಒತ್ತಿದ ಮೇಲೆ 10 ಸೆಕೆಂಡ್ ಮಸುಕಾಗಿ ಒತ್ತೋಕಾಗದ ಹಾಗೆ ಮಾಡಿದ್ರೆ? ಆಗ ಎಲ್ಲರೂ ಬಿಡದೇ ಒತ್ತಿದ್ರೂ ಸೆಕೆಂಡಿಗೆ 18 ಅಲ್ವಾ.

ಹಿನ್ನೀರು

18 ಇನ್ನೂ ಜಾಸ್ತಿ. 30 ಸೆಕೆಂಡ್ ಮಸುಕು ಮಾಡಿದ್ರೆ 6, ಆದ್ರೆ ತಾನಾಗೇ ಬರೋ ರೀಟ್ರೈ ಕೂಡ ಸರಾಸರಿ 30ಕ್ಕೇ ಬರ್ತಿದೆ, ಎರಡೂ ಸೇರಿದ್ರೆ 12. ಒತ್ತಿದಾಗ ತಾನಾಗೇ ಆಗೋ ರೀಟ್ರೈಯನ್ನ ರದ್ದು ಮಾಡಿ ಹೊಸದಾಗಿ ಕಾಯೋ ಹಾಗೆ ಬರೆದ್ರೆ ಆಗಬಹುದೇನೋ, ಆದ್ರೆ ಆಗ ಬಟನ್ ಇದ್ದು ಪ್ರಯೋಜನ ಎಂತ ಅಂತ ಕೇಳ್ತಾರೆ. ಬೇರೆ ದಾರಿ ಅಂದ್ರೆ ಆ ಅರ್ಧ ಸೆಕೆಂಡನ್ನೇ ಇಳಿಸೋದು. ಶುರುವಲ್ಲಿ ಎಲ್ಲಾ ಸದಸ್ಯರ ಬಾಕಿ ತರಿಸೋ ಬದಲು, ಎದುರಿಗೆ ಬಂದ ಸದಸ್ಯರದ್ದು ಮಾತ್ರ ತರಿಸಿದ್ರೆ ಎಷ್ಟಾಗತ್ತೆ?

ಕೌಂಟರ್_ಕೋಡ್

ಅದು 50 ಮಿಲಿಸೆಕೆಂಡ್ ಒಳಗೇ ಬರ್ಬೇಕು, ಇಂಡೆಕ್ಸ್ ಇದೆ. ಆದ್ರೆ ಆ ಪೂರ್ತಿ ಪಟ್ಟಿ ಮೇಲೆ ಹುಡುಕೋ ಸ್ಕ್ರೀನ್ ಒಂದಿದೆ, ಹೆಸರಿನ ಎರಡು ಅಕ್ಷರ ಹೊಡೆದ್ರೆ ಸದಸ್ಯರು ಬರೋದು, ಅದನ್ನ ಬೇರೆ ತರ ಬರೀಬೇಕಾಗತ್ತೆ. ಈ ವಾರ ಸೀಡ್, ಜಿಟರ್, ಯುಯುಐಡಿ ಮೂರನ್ನೂ ಕೊಪ್ಪದ ಕೌಂಟರ್‌ಗಳಿಗೆ ಮೊದಲು ಹಾಕ್ತೀನಿ, ಬಟನ್ ಸದ್ಯಕ್ಕೆ ಇಲ್ಲ ಅಂತ ಹೇಳಿದೀನಿ. ಜೋಡಿ ಬಿಲ್ಲು ಸಿಕ್ವಾ ಇಲ್ವಾ ಅಂತ ನಾಳೆ ಇಲ್ಲೇ ಹಾಕ್ತೀನಿ.

ಹಾಲಿನ_ಲೆಕ್ಕ

ನಮ್ಮಲ್ಲಿ ಯುಯುಐಡಿ ಕಾಲಮ್ ಸೇರಿಸೋಕೆ ಹೊರಟೆ. ಹಳೇ ಸಾಲುಗಳಿಗೆ ಅದು ಖಾಲಿ ಇದ್ರೆ ಯುನಿಕ್ ಹಾಕೋಕೆ ಬಿಡತ್ತಾ?

ಹಿನ್ನೀರು

ಬಿಡತ್ತೆ ಸರ್, ಪೋಸ್ಟ್‌ಗ್ರೆಸ್‌ನಲ್ಲಿ `NULL` ಎಷ್ಟಿದ್ರೂ ಯುನಿಕ್‌ಗೆ ಅಡ್ಡ ಬರಲ್ಲ. ಹೊಸ ಎಂಟ್ರಿಗಳಿಗೆ ಮಾತ್ರ ಖಾಲಿ ಬಿಡದ ಹಾಗೆ ಪ್ರೋಗ್ರಾಮಲ್ಲಿ ನೋಡ್ಕೊಳ್ಳಿ.